ಹತ್ತನೇ ದಿನದ 'ನೆಗೆಟಿವ್' ವರದಿ

ಕಳೆದ ವರ್ಷ ಹೊಳೆನರಸೀಪುರದ ಕಡೆಯ ಯುವಕನೊಬ್ಬ ಜ್ವರವೆಂದು ನನ್ನಲ್ಲಿಗೆ ಬಂದ. (ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ.) ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಮದುವೆ ಮಾತುಕತೆ. ಗಂಟಲು ನೋವು, ಮೈಮೇಲೆ ಸಣ್ಣ ಕೆಂಪು ಗುಳ್ಳೆ. ಡೆಂಗಿಯ ಕಾಲ, ಪರೀಕ್ಷೆ ಮಾಡಿಸಿದೆ, ಡೆಂಗಿ ಇರಲಿಲ್ಲ. ಜ್ವರ ತಾನಾಗಿ ಇಳಿಯಿತು. ಎರಡನೇ ಸಲ ತೋರಿಸಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತ.

"ಸಾರ್, ಒಂದು ತಿಂಗಳ ಹಿಂದೆ ಒಂದು ತಪ್ಪು ಮಾಡಿದೆ. ಹತ್ತನೇ ದಿನಕ್ಕೇ ಲ್ಯಾಬಿನಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಇನ್ನೇನೂ ಭಯವಿಲ್ಲ ಅಲ್ವಾ?"

ಭಯವಿತ್ತು. ಸಾಮಾನ್ಯವಾಗಿ ಮಾಡುವ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ; ವೈರಾಣುವಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಹತ್ತು ದಿನಕ್ಕೆ ಸಿದ್ಧವಾಗುವುದಿಲ್ಲ. ಬಹುತೇಕರಲ್ಲಿ ಮೂರು–ಆರು ವಾರ ಬೇಕು, ಕೆಲವರಲ್ಲಿ ಮೂರು ತಿಂಗಳವರೆಗೂ ಹಿಡಿಯಬಹುದು. ವೈರಾಣು ಒಳಗಿದ್ದರೂ ಪರೀಕ್ಷೆಗೆ ಕಾಣದ ಈ ಕಾಲವನ್ನೇ ನಾವು 'ವಿಂಡೋ ಪೀರಿಯಡ್' ಎನ್ನುವುದು. ಇದೇ ಸಮಯದಲ್ಲಿ ರಕ್ತದಲ್ಲಿ ವೈರಾಣುಗಳ ಸಂಖ್ಯೆ ಅತಿ ಹೆಚ್ಚಿರುತ್ತದೆ, ಬೇರೆಯವರಿಗೆ ಹರಡುವ ಸಾಧ್ಯತೆಯೂ ಹೆಚ್ಚು. ಎರಡರಿಂದ ನಾಲ್ಕು ವಾರದೊಳಗೆ ಹಲವರಿಗೆ ಇಂಥ ಜ್ವರ ಬಂದು ಹೋಗುತ್ತದೆ. ಮೊದಲ ದಿನವೇ ನಾನು ಆ ಪ್ರಶ್ನೆ ಕೇಳಬೇಕಿತ್ತು. ಸಂಕೋಚದಿಂದ ಕೇಳಲಿಲ್ಲ. ಅದು ನನ್ನ ತಪ್ಪು.

ನನ್ನ ತಕರಾರು ಇನ್ನೊಂದಿದೆ. ಸಂಪರ್ಕವಾಗಿ ಎಷ್ಟು ದಿನವಾಯಿತೆಂದು ಕೇಳದೆ ಬರೀ 'ನೆಗೆಟಿವ್' ಎಂದು ಬರೆದುಕೊಡುವ ವರದಿ ಅರ್ಧ ವರದಿ. "ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ, ರಕ್ತದಾನ ಬೇಡ" ಎಂಬ ಒಂದು ಸಾಲನ್ನು ಅದರಡಿ ಅಚ್ಚು ಹಾಕಲು ಎಷ್ಟು ಶಾಯಿ ಬೇಕು? ಅಂದಹಾಗೆ, ಆತ 72 ಗಂಟೆಯೊಳಗೆ ಬಂದಿದ್ದರೆ 28 ದಿನ ಮಾತ್ರೆ ಕೊಟ್ಟು ಸೋಂಕನ್ನೇ ತಡೆಯಲು ಯತ್ನಿಸಬಹುದಿತ್ತು.

ಕೂಡಲೇ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಪ್ಪ ಎಂದೆ. ಹೋಗಲು ಮತ್ತೆ ಎರಡು ವಾರ ಮಾಡಿದ. ಅಲ್ಲಿ ಪರೀಕ್ಷೆ ಉಚಿತ, ವಿಷಯ ಗುಟ್ಟು; 2017ರ ಎಚ್‌ಐವಿ ಕಾಯಿದೆಯೂ ಅದನ್ನೇ ವಿಧಿಸುತ್ತದೆ. ಒಂದೇ ಪರೀಕ್ಷೆ ನೋಡಿ 'ಪಾಸಿಟಿವ್' ಎನ್ನುವುದಿಲ್ಲ. ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳಲ್ಲೂ ಕಾಣಬೇಕು. ಮೂರರಲ್ಲೂ ಕಂಡಿತು.

ಆತ ಸಾವಿನ ಮಾತಾಡಿದ. ನಾನು ಎಂಬಿಬಿಎಸ್ ಓದುವಾಗ ಆ ಮಾತಿಗೆ ಅರ್ಥವಿತ್ತು. ಔಷಧಿ ಇದ್ದರೂ ನಮ್ಮ ರೋಗಿಗಳ ಕೈಗೆ ಎಟುಕುತ್ತಿರಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡತೊಡಗಿತು. 2017ರಿಂದ ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ, ದೇಹ ಸೊರಗುವವರೆಗೆ ಕಾಯದೆ, ಚಿಕಿತ್ಸೆ. ಹಾಸನದ ಎಆರ್‌ಟಿ ಕೇಂದ್ರದಲ್ಲಿ ಆತನಿಗೆ ಸಿಕ್ಕಿದ್ದು ದಿನಕ್ಕೊಂದು ಮಾತ್ರೆ. ಅದರಲ್ಲಿ ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳಿವೆ.

ಎಚ್‌ಐವಿ ನೇರವಾಗಿ ಕೊಲ್ಲುವುದು ಅಪರೂಪ. ರೋಗ ತಡೆಯುವ ಸಿಡಿ4 ಕಣಗಳನ್ನು ಅದು ವರ್ಷಗಟ್ಟಲೆ ಸವೆಸುತ್ತದೆ. ಆಮೇಲೆ ಕ್ಷಯದಂಥ ರೋಗಗಳು ಕೊಲ್ಲುತ್ತವೆ. ಮಾತ್ರೆ ವೈರಾಣು ಮರಿಹಾಕುವುದನ್ನು ನಿಲ್ಲಿಸಿದರೆ ಸವೆತ ನಿಲ್ಲುತ್ತದೆ. ಆದ್ದರಿಂದಲೇ ಕಣಗಳು ಕುಸಿಯುವ ಮೊದಲು ಶುರು ಮಾಡಿ ತಪ್ಪದೆ ನುಂಗುವವರು ಉಳಿದವರಷ್ಟೇ, ಅಥವಾ ಅದಕ್ಕಿಂತ ಕೆಲವೇ ವರ್ಷ ಕಡಿಮೆ ಬದುಕುತ್ತಾರೆ. ಸಿಡಿ4 ಸಂಖ್ಯೆ 200ರ ಕೆಳಗಿಳಿದ ಮೇಲೆ ಬಂದವರಿಗೆ ಅಷ್ಟು ಖಚಿತವಾಗಿ ಹೇಳಲಾರೆ. ಈತ ತಡಮಾಡಿದರೂ ವಾರಗಳ ಲೆಕ್ಕದಲ್ಲಿ ಬಂದ. ವರ್ಷಗಳ ಲೆಕ್ಕದಲ್ಲಿ ಬರುವವರೇ ನನಗೆ ಚಿಂತೆ.

ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳನ್ನಾಗಲಿ, ಎದೆಯುರಿಗೆ ಕುಡಿಯುವ ಆಂಟಾಸಿಡ್ ಔಷಧಿಯನ್ನಾಗಲಿ ಇದರ ಜೊತೆಗೇ ತೆಗೆದುಕೊಂಡರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಸೇರುವುದಿಲ್ಲ. ಈತ ಎದೆಯುರಿಗೆ ದಿನವೂ ಅಂಥದೊಂದನ್ನು ಕುಡಿಯುತ್ತಿದ್ದ, ಕೇಂದ್ರದಲ್ಲಿ ಹೇಳಿರಲಿಲ್ಲ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆಯಾದರೂ ಕಳೆದ ಮೇಲೆ ಅದನ್ನು ಕುಡಿಯಲು ಹೇಳಿದೆ.

ಆರು ತಿಂಗಳಿಗೆ ರಕ್ತದಲ್ಲಿನ ವೈರಾಣುಗಳನ್ನೇ ಎಣಿಸುವ 'ವೈರಲ್ ಲೋಡ್' ಪರೀಕ್ಷೆಯಾಯಿತು. ವರದಿ ಹಿಡಿದು ಓಡಿ ಬಂದ. "ಪತ್ತೆಯಾಗಿಲ್ಲ ಅಂತಿದೆ ಸಾರ್. ವಾಸಿಯಾಯ್ತಾ?"

ವಾಸಿಯಾಗಿಲ್ಲ. ವೈರಾಣು ಕೆಲವು ಕಣಗಳೊಳಗೆ ಅಡಗಿ ಕೂತಿದೆ, ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಏಳುತ್ತದೆ. ಆಗಾಗ ಬಿಟ್ಟು ನುಂಗಿದರೆ ಔಷಧಿಗೇ ಜಗ್ಗದ ವೈರಾಣು ಬೆಳೆಯಬಹುದು. ಆದರೆ ಲೋಡ್ ಹೀಗೆಯೇ ಪತ್ತೆಯಾಗದ ಮಟ್ಟದಲ್ಲಿ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದು ಸಮಾಧಾನದ ಮಾತಲ್ಲ. ಸಾವಿರಾರು ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು.

"ಹಾಗಾದ್ರೆ ಹುಡುಗಿ ಮನೆಯವರಿಗೆ ಹೇಳಲೇಬೇಕಾ?" ಎಂದು ಕೇಳಿದ. ಮೊದಲು ಹುಡುಗಿಗೆ ಹೇಳು, ಬೇಕಾದರೆ ಇಬ್ಬರೂ ಬನ್ನಿ, ನಾನೇ ವಿವರಿಸುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಭಾನುವಾರ ಚಿಕಿತ್ಸಾಲಯ ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಂಡು ಹೋದ.