24 ಪ್ಯಾಕೆಟ್ ಉಳಿದಾಗ ಫೋನ್ ಮಾಡಿದರೆ ಸಾಕಾ?

ಕಂಕನಾಡಿಯಲ್ಲಿ ನನ್ನ ಸೋದರಮಾವನದ್ದೊಂದು ಸಣ್ಣ ದಿನಸಿ ಅಂಗಡಿ ಇದೆ. ಜುಲೈಯಲ್ಲಿ ಊರಿಗೆ ಹೋದಾಗ ಅಲ್ಲಿ ರಾಗಿ ಹಿಟ್ಟಿನ ಜಾಗ ಪೂರ್ತಿ ಖಾಲಿ. ಕೇಳಿದ್ದಕ್ಕೆ, "ಎಂತ ಮಾಡುದು ಮಾರಾಯ, ಶಿರಾಡಿಯಲ್ಲಿ ಗುಡ್ಡ ಜರಿದಿದೆ, ಮಾಲು ಬರ್ಲೇ ಇಲ್ಲ" ಅಂದರು ಮಾವ.

ರಾಗಿ ನಮ್ಮ ಕರಾವಳಿಯ ಬೆಳೆಯಲ್ಲ. ಮಾವನಿಗೆ ಹಿಟ್ಟು ಬರುವುದು ಹಾಸನ ಕಡೆಯ ಮಿಲ್ಲಿನಿಂದ, ಘಾಟಿ ಇಳಿದು. ದಿನಕ್ಕೆ ಸರಾಸರಿ 6 ಪ್ಯಾಕೆಟ್ ಖರ್ಚು. ಫೋನ್ ಮಾಡಿದ 4ನೇ ದಿನಕ್ಕೆ ಮಾಲು ಅಂಗಡಿಯಲ್ಲಿ. ಹಾಗಾಗಿ 24 ಪ್ಯಾಕೆಟ್ ಉಳಿದಾಗ ಆರ್ಡರ್ ಮಾಡುವುದು ಅವರ ರೂಢಿ.

ಲೆಕ್ಕ ತಪ್ಪಲ್ಲ, ಅರ್ಧ ಮಾತ್ರ. ಈ ಸಲ ಮಾಲು ಬಂದದ್ದು 7ನೇ ದಿನ. 24 ಪ್ಯಾಕೆಟ್ 4 ದಿನಕ್ಕೇ ಮುಗಿಯಿತು, ಉಳಿದ 3 ದಿನ ಗಿರಾಕಿಗಳು ಬರಿಗೈಯಲ್ಲಿ ವಾಪಸ್ ಹೋದರು.

ಎಷ್ಟು ಉಳಿದಾಗ ಮತ್ತೆ ತರಿಸಬೇಕು ಎನ್ನುವ ಗೆರೆಗೆ ರೀಆರ್ಡರ್ ಪಾಯಿಂಟ್ ಅಂತಾರೆ. ದಿನದ ಖರ್ಚನ್ನು ಮಾಲು ಬರುವ ದಿನಗಳಿಂದ ಗುಣಿಸಿ, ಅದಕ್ಕೆ ಸೇಫ್ಟಿ ಸ್ಟಾಕ್, ಅಂದರೆ ಆಪತ್ತಿಗೆಂದು ಇಟ್ಟ ದಾಸ್ತಾನು ಸೇರಿಸಿದರೆ ಅದು ಸಿಗುತ್ತದೆ. ಮಾವ ಬಿಟ್ಟದ್ದು ಈ ಕೊನೆಯದನ್ನು.

ಅದೆಷ್ಟಿರಬೇಕು? ಇಬ್ಬರೂ ಕೂತು ಹಳೇ ಪುಸ್ತಕ ತಿರುವಿದೆವು. ಅತಿ ಹೆಚ್ಚು ಅಂದರೆ ದಿನಕ್ಕೆ 8 ಪ್ಯಾಕೆಟ್ ಹೋಗಿದೆ. ಮಳೆಗಾಲದಲ್ಲಿ ಮಾಲು ಬರಲು ಅತಿ ತಡವಾದದ್ದು 7 ದಿನ. ಎರಡೂ ಒಟ್ಟಿಗೆ ಬಂದರೆ 56 ಪ್ಯಾಕೆಟ್ ಬೇಕು. ಅದರಲ್ಲಿ ಮಾಮೂಲಿ 24 ಕಳೆದರೆ 32. ಇದೇ ಸೇಫ್ಟಿ ಸ್ಟಾಕ್. ಅಂದರೆ ಮಳೆಗಾಲದಲ್ಲಿ ಫೋನ್ ಮಾಡಬೇಕಾದದ್ದು 24ಕ್ಕಲ್ಲ, 56ಕ್ಕೆ.

"ಮಿಲ್ಲಿನವ ಎರಡೇ ದಿನ ಅಂತಾನಲ್ಲ?" ಎಂದರು ಮಾವ. ಅವನು ಎಣಿಸುವುದು ಲಾರಿ ಹೊರಟ ಮೇಲಿನ ದಿನಗಳನ್ನು. ನಾವು ಎಣಿಸಬೇಕಾದದ್ದು ಫೋನ್ ಮಾಡಿದ ದಿನದಿಂದ ಮಾಲು ಅಂಗಡಿಯಲ್ಲಿ ಇಳಿಯುವವರೆಗೆ. ಆ ಎರಡು ತಾರೀಕು ಪ್ರತಿ ಸಲ ಬರೆದಿಟ್ಟರೆ ನಿಜ ಗೊತ್ತಾಗುತ್ತದೆ. ಸರಾಸರಿ ಖರ್ಚು ತೆಗೆಯುವಾಗ ಮಾಲು ಇಲ್ಲದ ದಿನಗಳನ್ನು ಬಿಡಬೇಕು. ಆ ದಿನ ಸೊನ್ನೆ ಬಂದದ್ದು ಬೇಡಿಕೆ ಇಲ್ಲದ್ದಕ್ಕಲ್ಲ, ಹಿಟ್ಟು ಇಲ್ಲದ್ದಕ್ಕೆ.

ಹಾಗಂತ ವರ್ಷವಿಡೀ 56 ಬೇಡ. ಬೇಸಿಗೆಯಲ್ಲಿ ಮಾಲು ತಡವಾದರೂ 5 ದಿನ ದಾಟಿದ್ದಿಲ್ಲ, ಆಗ 40 ಸಾಕು. ಹೆಚ್ಚು ಇಟ್ಟರೆ ದುಡ್ಡು ಸಿಕ್ಕಿಬೀಳುತ್ತದೆ, ಹಿಟ್ಟಿಗೆ ಹುಳವೂ ಬೀಳುತ್ತದೆ. ಈ ಲೆಕ್ಕ ತುಸು ಹೆದರಿಕೆಯ ಲೆಕ್ಕವೇ. ಅತಿ ಹೆಚ್ಚು ಖರ್ಚು, ಅತಿ ತಡ, ಎರಡೂ ಒಂದೇ ವಾರ ಬರುವುದು ಅಪರೂಪ. ಬ್ರೆಡ್, ಹಾಲಿನಂಥ ಬೇಗ ಕೆಡುವ ಮಾಲಿಗೆ ಇದು ನಡೆಯದು.

ಮಾವ ಈಗ 56 ಪ್ಯಾಕೆಟ್ ಎಣಿಸಿ ಹಿಂದಕ್ಕೆ ಜೋಡಿಸಿ, ಅದರ ಮುಂದೆ ಕೆಂಪು ರಟ್ಟು ನಿಲ್ಲಿಸಿದ್ದಾರೆ. ರಟ್ಟು ಕಂಡ ದಿನ ಮಿಲ್ಲಿಗೆ ಫೋನ್.