ಲೂಪ್ ಆಮೇಲೆ, ಮೊದಲು ಮಾತ್ರೆ

ಲ್ಯಾಪ್‌ಟಾಪ್‌ನಲ್ಲಿ ಹಾಡು ಕಟ್ಟಲು ಕೂತವರು ಮೊದಲು ಮಾಡುವ ಕೆಲಸ, ಸಿದ್ಧ ಡ್ರಮ್ ಲೂಪ್ ಒಂದನ್ನು ಎಳೆದು ಹಾಕುವುದು. ಆಮೇಲೆ ಅದರ ಮೇಲೆ ಕನ್ನಡದ ಸಾಲು ಕೂರಿಸಲು ಹೋದರೆ ಅಕ್ಷರಗಳನ್ನು ಎಳೆಯಬೇಕು, ಇಲ್ಲವೇ ನುಂಗಬೇಕು. ಬಹುತೇಕ ಲೂಪ್‌ಗಳು ನಾಲ್ಕರ ಲೆಕ್ಕದವು. ನಮ್ಮ ಸಾಲುಗಳೆಲ್ಲ ಹಾಗಿಲ್ಲ. ಮೊದಲು ಮಾತ್ರೆ ಹಾಕಿ, ನಂತರ ಲೂಪ್ ತನ್ನಿ ಎಂಬುದು ನನ್ನ ವಾದ.

ಶಾಲೆಯಲ್ಲಿ ಪ್ರಸ್ತಾರ ಹಾಕಿ ಅಂಕ ಗಿಟ್ಟಿಸಿ ಮರೆತ ಭಾಮಿನಿ ಷಟ್ಪದಿಯನ್ನೇ ನೋಡಿ. ಕುಮಾರವ್ಯಾಸ ಬಳಸಿದ ಛಂದಸ್ಸು. ಇದರ ಸಣ್ಣ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. ಅಂದರೆ ಏಳೇಳರ ಎರಡು ಆವರ್ತ.

ಪೀಣ್ಯದ ನಮ್ಮ ಕೋಣೆಯ ಕೆಳಗೆ ಲೇತ್ ಓಡುತ್ತಿರುವುದರಿಂದ ಮೈಕ್ ಹಿಡಿದು ಹಾಡುವಂತಿಲ್ಲ. ಹಾಗಾಗಿ ನನಗೆ ಪಿಯಾನೊ ರೋಲೇ ಗತಿ. ಉಚಿತವಾಗಿ ಸಿಗುವ LMMSನಲ್ಲಿ ತಾಳವನ್ನು 7/8ಕ್ಕೆ, ಗ್ರಿಡ್ ಅನ್ನು 1/8ಕ್ಕೆ ಇಡುತ್ತೇನೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆ. ‘ರಾತ್ರಿ ಪಾಳಿಯ ಬಸ್ಸು ಬಂದಿತು’ ಎಂದು ಬರೆದೆ ಅನ್ನಿ. ‘ರಾ’ ಎರಡು ಮನೆ, ‘ತ್ರಿ’ ಒಂದು. ‘ಪಾ’ ಎರಡು, ‘ಳಿ’, ‘ಯ’ ಒಂದೊಂದು. ಒಂದು ಆವರ್ತ ತುಂಬಿತು. ‘ಬಸ್ಸು ಬಂದಿತು’ ಕೂಡ ಹಾಗೆಯೇ. ಸ್ವರ ಯಾವುದೆಂದು ಆಮೇಲೆ ಮೇಲೆ ಕೆಳಗೆ ಸರಿಸಿಕೊಳ್ಳಬಹುದು, ಉದ್ದ ಮಾತ್ರ ಭಾಷೆಯೇ ಕೊಟ್ಟದ್ದು.

ಈಗ ಇದರಡಿ ನಾಲ್ಕರ ಲೂಪ್ ಇಟ್ಟು ಕೇಳಿ. ಅದರಲ್ಲಿ ಎಂಟು ಮನೆ. ಎರಡನೇ ಆವರ್ತದಲ್ಲಿ ಅದರ ಮೊದಲ ಪೆಟ್ಟು ಒಂದು ಮನೆ ತಡ, ಮೂರನೆಯದರಲ್ಲಿ ಎರಡು ಮನೆ ತಡ. ಎಂಟು ಆವರ್ತ ಮುಗಿದ ಮೇಲಷ್ಟೇ ಎರಡೂ ಮತ್ತೆ ಒಟ್ಟಿಗೆ ಶುರುವಾಗುತ್ತವೆ. ಕೊನೆಯ ಮನೆ ಕತ್ತರಿಸಿದರೆ ಏಳಾಗುತ್ತದೆ ನಿಜ, ಆದರೆ ಸಾಲು ಒತ್ತುವ ನಾಲ್ಕನೇ ಮನೆಯಲ್ಲಿ ಕಿಕ್ ಇರುವುದಿಲ್ಲ, ಅದು ಐದರಲ್ಲಿರುತ್ತದೆ. ಬದಲಿಗೆ ಲೂಪಿನ ಮೊದಲ ಮೂರು ಮನೆ ಕತ್ತರಿಸಿ, ಅದರ ಪಕ್ಕ ಮತ್ತೆ ಮೊದಲಿನಿಂದ ನಾಲ್ಕು ಮನೆ ಜೋಡಿಸಿ. ಕಿಕ್ ಒಂದಕ್ಕೂ ನಾಲ್ಕಕ್ಕೂ ಬೀಳುತ್ತದೆ. ಜೋಡಿಸಿದ ಜಾಗದಲ್ಲಿ ‘ಟಿಕ್’ ಎಂದರೆ ತುಂಡಿನ ಕೊನೆಗೆ ಚಿಕ್ಕ ಫೇಡ್ ಕೊಟ್ಟರಾಯಿತು. ಸಿಂಬಲ್‌ನ ಉದ್ದ ನಾದವಿರುವ ಲೂಪ್ ಮಾತ್ರ ಹೀಗೆ ಕತ್ತರಿಸಲು ಒಗ್ಗುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಮೂರನೇ ಸಾಲು. ಅದರಲ್ಲಿ ಮೂರು ಸಲ 3+4, ಕೊನೆಗೊಂದು ಗುರು: 23 ಮಾತ್ರೆ. ನಾಲ್ಕು ಆವರ್ತಕ್ಕೆ 28 ಬೇಕು, ಐದು ಮನೆ ಖಾಲಿ ಉಳಿಯುತ್ತದೆ. ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಆ ಜಾಗ. ತಮಟೆಯ ಒಂದು ಸಣ್ಣ ಉರುಳಿಕೆಗೂ ಅಲ್ಲೇ ಜಾಗ.

ಗಮಕಿಗಳು ಇದನ್ನು ತಾಳದ ಕಟ್ಟಿಲ್ಲದೆ ವಾಚಿಸುತ್ತಾರೆ, ಗ್ರಿಡ್‌ಗೆ ಸಿಕ್ಕಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆ ವಾಚನ ಗ್ರಿಡ್‌ಗೆ ಸಿಗುವುದಿಲ್ಲ, ಒಪ್ಪುತ್ತೇನೆ. ನಾನು ಹಾಕುತ್ತಿರುವುದು ಹೊಸ ಹಾಡೊಂದರ ಕರಡು. ಲೇತ್ ನಿಲ್ಲುವ ಭಾನುವಾರ ನಿಜದ ದನಿ ಸಿಕ್ಕಾಗ, ಪಿಯಾನೊ ರೋಲ್‌ನ ರಾಗದ ಟ್ರ್ಯಾಕ್ ಮ್ಯೂಟ್ ಮಾಡುತ್ತೇನೆ.