ಊ2ಔ ಅಂದ್ರೆ ನೀರು, ಗೊತ್ತಾ ನಿಮಗೆ?

ನಗಬೇಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳ ಕೈಗೆ ಹೋದ ಒಂದು ರಸಾಯನಶಾಸ್ತ್ರದ ವರ್ಕ್‌ಶೀಟ್‌ನಲ್ಲಿ ಹೀಗೇ ಇತ್ತು. ನೀರು ಊ2ಔ, ಇಂಗಾಲದ ಡೈಆಕ್ಸೈಡ್ ಅಔ2. ನೀರು ಕುದಿಯುವುದು 100 ಲಿಅ ನಲ್ಲಿ! ಮಕ್ಕಳು ಕೇಳಿದರೆ "ಪ್ರಿಂಟ್ ಮಿಸ್ಟೇಕ್, ಸರಿ ಮಾಡಿ ಓದಿ" ಅಂದರಂತೆ. ಇದು ಪ್ರಿಂಟ್ ಮಿಸ್ಟೇಕ್ ಅಲ್ಲ ಮಾರಾಯ್ರೆ. ಇದು ಯಾಕೆ ಹೀಗಾಗುತ್ತದೆ ಅಂತ ಅಕ್ಷರ ಅಕ್ಷರವಾಗಿ ಹೇಳಬಹುದು, ಹಾಗೆಯೇ ತಡೆಯಲೂ ಬಹುದು. ತಡೆಯದೆ ಇರುವುದೇ ನನ್ನ ತಕರಾರು.

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ (ಉದಾಹರಣೆಗೆ Nudi 01 e) ಕಂಪ್ಯೂಟರಿನ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ, ಅಷ್ಟೆ. H ಇದ್ದ ಜಾಗದಲ್ಲಿ ಊ, O ಇದ್ದಲ್ಲಿ ಔ, C ಇದ್ದಲ್ಲಿ ಅ. ಕನ್ನಡಕ್ಕೆ ಚಿತ್ರಗಳು ಜಾಸ್ತಿ ಬೇಕಲ್ಲ, ಇಂಗ್ಲಿಷಿನ ಐವತ್ತೆರಡು ಅಕ್ಷರ ಸಾಲದೆ ಚಿಹ್ನೆಗಳ ಜಾಗವನ್ನೂ ತೆಗೆದುಕೊಂಡರು. ಡಿಗ್ರಿಯ ° ಇದ್ದ ಜಾಗಕ್ಕೆ ಲಿ ಬಂತು. ವರ್ಗದ ² ಜಾಗಕ್ಕೆ ಶಿ, ಅರ್ಧದ ½ ಜಾಗಕ್ಕೆ ಳಿ. ಮೈಕ್ರೋ ಚಿಹ್ನೆ µ ಇದ್ದಲ್ಲಿ ಷ ದ ಭಾಗ. ಅಂದರೆ ಗಣಿತ ವಿಜ್ಞಾನಕ್ಕೆ ಯಾವ ಚಿಹ್ನೆಗಳು ಬೇಕೋ ಸರಿಯಾಗಿ ಅವೇ ಹೋದವು.

ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಅದನ್ನು ಮಾಡಿದವರನ್ನು ದೂರುವುದಿಲ್ಲ. ಕನ್ನಡ ಪತ್ರ ಬರೆಯುವುದಕ್ಕೆ ಅದು ಧಾರಾಳ ಸಾಕಿತ್ತು. ಆದರೆ ವಿಜ್ಞಾನದ ಹಾಳೆಯಲ್ಲಿ ಕನ್ನಡ ವಾಕ್ಯದ ನಡುವೆ H₂O ಬರಬೇಕು. ಟೈಪ್ ಮಾಡುವವರು ಅಷ್ಟಕ್ಕೆ ಮಾತ್ರ ಇಂಗ್ಲಿಷ್ ಫಾಂಟ್ ಹಾಕಿ ಮುಂದೆ ಹೋಗುತ್ತಾರೆ. ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಂದಲೇ ಪ್ರಿಂಟ್ ತೆಗೆದರೆ ತೊಂದರೆ ಇಲ್ಲ. ಫೈಲ್ ಇನ್ನೊಬ್ಬರ ಕೈಗೆ ಹೋದಾಗ ಕೆಡುತ್ತದೆ. ಅವರು ಇಡೀ ಹಾಳೆಯನ್ನು ಸೆಲೆಕ್ಟ್ ಮಾಡಿ ಒಂದೇ ಫಾಂಟ್ ಕೊಡುತ್ತಾರೆ, ಇಲ್ಲವೇ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡುತ್ತಾರೆ. ಕನ್ವರ್ಟರ್‌ಗೆ ಫಾಂಟ್ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. H ಕಂಡರೆ ಊ ಅನ್ನುತ್ತದೆ. ನೀರು ಊ2ಔ ಆಗುತ್ತದೆ.

"ಹಾಗಾದರೆ ಯೂನಿಕೋಡ್ ಮಾಡಿದರೆ ಮುಗೀತಲ್ಲ?" ಅಂತ ಕೇಳ್ತೀರಿ. ಅರ್ಧ ಮಾತ್ರ ಮುಗೀತು. ಕನ್ನಡ ಯೂನಿಕೋಡ್‌ನಲ್ಲಿ ಬರೆದು, ಗ್ರೀಕ್ ಅಕ್ಷರಕ್ಕೆ ಮಾತ್ರ Symbol ಅನ್ನುವ ಫಾಂಟ್ ಹಾಕುವವರು ಈಗಲೂ ಇದ್ದಾರೆ. ಅದರಲ್ಲಿ W ಒತ್ತಿದರೆ Ω ಕಾಣುತ್ತದೆ, m ಒತ್ತಿದರೆ μ. ಒಳಗೆ ಇರುವುದು W ಮತ್ತು m. ಈಗ ಈ ಪ್ರಶ್ನೆ ನೋಡಿ:

12 V ಬ್ಯಾಟರಿಗೆ 6 Ω ಬಲ್ಬ್ ಜೋಡಿಸಿದರೆ ಹರಿಯುವ ವಿದ್ಯುತ್ ಪ್ರವಾಹ ಎಷ್ಟು?

ಓಮ್‌ನ ನಿಯಮದಂತೆ 12 ನ್ನು 6 ರಿಂದ ಭಾಗಿಸಿ, ಉತ್ತರ 2 A. ಇದೇ ಪ್ರಶ್ನೆಯನ್ನು ವಾಟ್ಸಪ್ ಗ್ರೂಪಿಗೆ ಕಾಪಿ ಮಾಡಿ ಹಾಕಿದರೆ ಫಾಂಟ್ ಬಿದ್ದುಹೋಗಿ "6 W ಬಲ್ಬ್" ಆಗುತ್ತದೆ. ಓದಲು ಏನೂ ತಪ್ಪಿಲ್ಲ, ಬಲ್ಬಿಗೆ ವ್ಯಾಟ್ ಇರುವುದು ಸಹಜವೇ. ಬುದ್ಧಿವಂತ ಮಗು 6 ನ್ನು 12 ರಿಂದ ಭಾಗಿಸಿ 0.5 A ಅಂತ ಬರೆಯುತ್ತದೆ. ಅದು ಸರಿಯೇ. ಉತ್ತರ ಸೂಚಿಯಲ್ಲಿ 2 A ಉಂಟು, ಮಗುವಿಗೆ ಸೊನ್ನೆ. ಊ2ಔ ಕಂಡರೆ ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ.

ಮೇಲೆ ಕೆಳಗೆ ಬರೆಯುವ ಅಂಕಿಗಳದ್ದೂ ಇದೇ ಕಥೆ. 2 × 10⁻³ ರಲ್ಲಿ −3 ನ್ನು ವರ್ಡ್‌ನಲ್ಲಿ ಸುಮ್ಮನೆ ಮೇಲೆತ್ತಿದ್ದರೆ, ಕಾಪಿ ಮಾಡಿದಾಗ ಅದು ಕೆಳಗಿಳಿದು 2 × 10-3 ಆಗುತ್ತದೆ. ಲೆಕ್ಕ ಮಾಡಿದರೆ 17. ಎರಡೂವರೆ ಅಂತ ಬರೆದದ್ದು 21/2 ಆಗಿ ಹತ್ತೂವರೆ ಆಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು ನಾನು. ಅಂಕಿ ಹೀಗೆ ಜಾಗ ಬದಲಿಸಿದ ಚಲನ್ ತಂದರೆ ವಾಪಸ್ ಕೊಡುತ್ತೇವೆ. ಮಗು ಪ್ರಶ್ನೆಪತ್ರಿಕೆಯನ್ನು ಯಾರಿಗೆ ವಾಪಸ್ ಕೊಡಬೇಕು?

ಪರಿಹಾರಕ್ಕೆ ಅನುದಾನ ಬೇಡ, ಸಮಿತಿಯೂ ಬೇಡ. ವರ್ಡ್‌ನಲ್ಲಿ Ctrl+D ಒತ್ತಿ. ಕನ್ನಡ ಭಾಷೆಯನ್ನು ಸೇರಿಸಿಕೊಂಡಿದ್ದರೆ ಅಲ್ಲಿ ಫಾಂಟ್‌ಗೆ ಎರಡು ಜಾಗ ಕಾಣುತ್ತದೆ. Complex scripts ಅನ್ನುವಲ್ಲಿ ಕನ್ನಡಕ್ಕೆ Nirmala UI ಅಥವಾ Noto Serif Kannada ಕೊಡಿ. Latin text ಅನ್ನುವಲ್ಲಿ Cambria ಕೊಡಿ. ಆಮೇಲೆ ಕನ್ನಡ ಕನ್ನಡದ ಫಾಂಟಿನಲ್ಲಿ, H₂O ಮತ್ತು Ω ಅವುಗಳ ಫಾಂಟಿನಲ್ಲಿ ತಾವಾಗಿಯೇ ಕೂರುತ್ತವೆ. ಸಾಲಿಗೊಮ್ಮೆ ಫಾಂಟ್ ಬದಲಿಸುವ ಕೆಲಸವೇ ಇಲ್ಲ.

ಚಿಹ್ನೆಗಳನ್ನು ನಿಜವಾದ ಅಕ್ಷರವಾಗಿ ಹಾಕಲು ಅದರ ಸಂಖ್ಯೆ ಬರೆದು Alt+X ಒತ್ತಿದರೆ ಆಯಿತು. 03A9 ಬರೆದು ಒತ್ತಿದರೆ Ω, 03BC ಗೆ μ, 2082 ಗೆ ಕೆಳಗಿನ ₂, 00B0 ಗೆ °. ಇವು ವಾಟ್ಸಪ್‌ಗೆ ಹೋದರೂ ಹಾಗೇ ಉಳಿಯುತ್ತವೆ. ಭಿನ್ನರಾಶಿ, ವರ್ಗಮೂಲ ಬಂದಲ್ಲಿ Alt+= ಒತ್ತಿ ಸಮೀಕರಣದ ಚೌಕ ತೆರೆಯಿರಿ, 1/2 ಬರೆದು ಸ್ಪೇಸ್ ಒತ್ತಿ, ಒಂದರ ಮೇಲೊಂದು ಕೂರುತ್ತದೆ. ಚೌಕದ ಒಳಗಿನದ್ದನ್ನು ಕಾಪಿ ಮಾಡಿ ಮೆಸೇಜಿಗೆ ಹಾಕಿದರೆ ಮಾತ್ರ ರೂಪ ಉಳಿಯುವುದಿಲ್ಲ. ಅಂಥ ಹಾಳೆಯನ್ನು ಪಿಡಿಎಫ್ ಮಾಡಿಯೇ ಕಳಿಸಬೇಕು.

"ಪ್ರೆಸ್‌ನವರ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಬರುವುದಿಲ್ಲ" ಅನ್ನುವ ನೆಪ ಉಂಟು. ನಿಜ, ಬರುವುದಿಲ್ಲ. ಅದಕ್ಕೆ ಪೇಜ್‌ಮೇಕರ್ ಬಿಡಬೇಕೇ ಹೊರತು ಮಕ್ಕಳ ರಸಾಯನಶಾಸ್ತ್ರವನ್ನಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991 ರಲ್ಲೇ ಅದರಲ್ಲಿ ಕನ್ನಡ ಇತ್ತು. ನುಡಿಯಲ್ಲೂ ಈಗ ಯೂನಿಕೋಡ್ ಆಯ್ಕೆ ಇದೆ, ಬೆರಳಿಗೆ ರೂಢಿಯಾದ ಕೀಲಿಮಣೆಯನ್ನೂ ಬಿಡಬೇಕಾಗಿಲ್ಲ.

ಗಡಿಯಾಚೆಯ ಕನ್ನಡ ಮಗುವಿಗೆ ಬೇರೆ ಗೈಡ್, ಬೇರೆ ಟ್ಯೂಷನ್ ಸಿಗುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಗೈಡ್ ಮಲಯಾಳಂ ಅಥವಾ ಇಂಗ್ಲಿಷ್, ಕರ್ನಾಟಕದ್ದು ತಂದರೆ ಪಠ್ಯವೇ ಬೇರೆ. ಕೈಗೆ ಬಂದ ಒಂದೇ ಹಾಳೆಯಲ್ಲಿ ನೀರು ಊ2ಔ ಆಗಿದ್ದರೆ ಅಪ್ಪ ಅಮ್ಮ ಏನು ಹೇಳ್ತಾರೆ? "ಕನ್ನಡ ಮೀಡಿಯಂ ಇಷ್ಟೇ, ಮುಂದಿನ ವರ್ಷ ಇಂಗ್ಲಿಷ್‌ಗೆ ಹಾಕುವ." ಡಿವಿಜನ್ ಉಳಿಸಿ ಅಂತ ಮೆರವಣಿಗೆ ಮಾಡುವ ನಾವು, ಡಿವಿಜನ್ ಖಾಲಿ ಮಾಡುವ ಹಾಳೆಯನ್ನು ನಾವೇ ಫಾರ್ವರ್ಡ್ ಮಾಡುತ್ತಿದ್ದೇವೆ.

ಆದ್ದರಿಂದ ಹಾಳೆ ತಯಾರಿಸುವವರಿಗೂ, ಹಂಚುವ ನಮ್ಮ ಗ್ರೂಪುಗಳಿಗೂ ಒಂದೇ ನಿಯಮ ಇರಲಿ. ಕಳಿಸುವ ಮೊದಲು ಚಿಹ್ನೆ ಇರುವ ಮೂರು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. PÀ£ÀßqÀ ಅಂತ ಬಂದರೆ ಅದು ಹಳೆಯ ಫಾಂಟ್, ಯೂನಿಕೋಡ್‌ನಲ್ಲಿ ಮತ್ತೆ ಮಾಡಿಸಿ. ಕನ್ನಡ ಸರಿ ಇದ್ದು Ω ಮಾತ್ರ W ಆದರೆ Symbol ಫಾಂಟ್, ಅಷ್ಟನ್ನು ತಿದ್ದಿ. ಅಂಕಿ ಕೆಳಗಿಳಿದರೆ ಪಿಡಿಎಫ್ ಮಾಡಿ. ಮೂರೂ ಸರಿ ಇಲ್ಲದ ಹಾಳೆ, ಯಾರೇ ಕಳಿಸಿರಲಿ, ವಾಪಸ್ ಕಳಿಸಿ.